ವಿಕಿರಣಶೀಲತೆಯ ಪ್ರಶ್ನೆಗಳು: ಅರ್ಧಾಯು ಲೆಕ್ಕ ಎಲ್ಲಿ ಕೈಕೊಡುತ್ತದೆ, ಹೇಗೆ ಬಿಡಿಸಬೇಕು

"ಸೂತ್ರ ಬಾಯಿಪಾಠ ಇದೆ, ಆದರೂ ಉತ್ತರ ತಾಳೆಯಾಗಲ್ಲ, ಯಾಕೆ?" ವಿಕಿರಣಶೀಲತೆ ಪಾಠದ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ನನ್ನ ಪ್ರಕಾರ ಈ ಪಾಠದಲ್ಲಿ ಸೂತ್ರ ತಪ್ಪುವವರು ಕಡಿಮೆ. ಸೂತ್ರದೊಳಗೆ ಯಾವ ಸಂಖ್ಯೆ ಹಾಕಬೇಕು ಎನ್ನುವಲ್ಲಿ ತಪ್ಪುವವರೇ ಜಾಸ್ತಿ. ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆ ಉಳಿದಿದ್ದರದ್ದಾ, ಹೋಗಿದ್ದರದ್ದಾ? ಕೌಂಟರ್ ತೋರಿಸಿದ್ದು ಪೂರ್ತಿ ಮೂಲದಿಂದಲೇ ಬಂದಿದ್ದಾ? ಇಷ್ಟನ್ನು ಮೊದಲೇ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಅದಕ್ಕೇ ಇಲ್ಲಿ ಹತ್ತಾರು ಬಿಡಿ ಲೆಕ್ಕ ಕೊಡುವ ಬದಲು ಒಂದೇ ಮೂಲವನ್ನು ಹಿಡಿದುಕೊಂಡು ಪೂರ್ತಿ ಪ್ರಶ್ನೆ ಬಿಡಿಸೋಣ. ಪ್ರಶ್ನೆ ಹೀಗಿದೆ.

ಅಯೋಡಿನ್-131 ಬೀಟಾ ಮೈನಸ್ ಕ್ಷಯ ಹೊಂದುತ್ತದೆ. ಅರ್ಧಾಯು 8 ದಿನ ಎಂದು ಇಟ್ಟುಕೊಳ್ಳಿ. ಈ ಮೂಲದ ಮುಂದೆ ಇಟ್ಟ ಗೈಗರ್ ಕೌಂಟರ್ ಮೊದಲ ದಿನ ನಿಮಿಷಕ್ಕೆ 660 ಎಣಿಕೆ ತೋರಿಸುತ್ತದೆ. ಮೂಲವನ್ನು ದೂರ ತೆಗೆದಿಟ್ಟರೆ ನಿಮಿಷಕ್ಕೆ 20 ಎಣಿಕೆ ತೋರಿಸುತ್ತದೆ.

(ಅ) ಕ್ಷಯದ ಸಮೀಕರಣ ಬರೆಯಿರಿ.
(ಆ) 24 ದಿನಗಳ ನಂತರ ಕೌಂಟರ್ ಎಷ್ಟು ತೋರಿಸುತ್ತದೆ? ಆ ಹೊತ್ತಿಗೆ ಎಷ್ಟು ಭಾಗ ಕ್ಷಯಿಸಿರುತ್ತದೆ?
(ಇ) 20 ದಿನಗಳ ನಂತರ ಎಷ್ಟು ತೋರಿಸುತ್ತದೆ?
(ಈ) ಕೌಂಟರ್ 84 ತೋರಿಸುವುದು ಎಷ್ಟು ದಿನಗಳ ನಂತರ?
(ಉ) 1 ಮೈಕ್ರೋಗ್ರಾಂ ಅಯೋಡಿನ್-131ರ ಆಕ್ಟಿವಿಟಿ ಎಷ್ಟು?

ಕೈಯಲ್ಲಿ ಏನಿರಬೇಕು? ಲಾಗ್ ಬಟನ್ ಇರುವ ಕ್ಯಾಲ್ಕುಲೇಟರ್ ಅಥವಾ ಲಾಗ್ ಪಟ್ಟಿ, ಆವರ್ತಕೋಷ್ಟಕ, ಅವಗಾಡ್ರೊ ಸಂಖ್ಯೆ, ಆಮೇಲೆ 0.693 ಎಂಬ ಒಂದು ಸಂಖ್ಯೆ. ಇದು 2ರ ಸ್ವಾಭಾವಿಕ ಲಾಗ್. ಅಷ್ಟೇ.

ಹಂತ 1: ಯಾವ ಕ್ಷಯ, ಏನು ಬದಲಾಗುತ್ತದೆ

ಎರಡು ಸಂಖ್ಯೆಗಳ ಮೇಲೆ ಕಣ್ಣಿಡಿ. ರಾಶಿ ಸಂಖ್ಯೆ ಎಂದರೆ ನ್ಯೂಕ್ಲಿಯಸ್ ಒಳಗಿನ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಲೆಕ್ಕ. ಪರಮಾಣು ಸಂಖ್ಯೆ ಎಂದರೆ ಬರೀ ಪ್ರೋಟಾನ್‌ಗಳ ಲೆಕ್ಕ, ಧಾತು ಯಾವುದು ಎಂದು ಹೇಳುವುದು ಇದೇ.

ಆಲ್ಫಾ ಕ್ಷಯದಲ್ಲಿ ಹೀಲಿಯಂ ನ್ಯೂಕ್ಲಿಯಸ್ ಹೊರಬೀಳುತ್ತದೆ. ರಾಶಿ ಸಂಖ್ಯೆ 4 ಇಳಿಯುತ್ತದೆ, ಪರಮಾಣು ಸಂಖ್ಯೆ 2 ಇಳಿಯುತ್ತದೆ. ಬೀಟಾ ಮೈನಸ್‌ನಲ್ಲಿ ಒಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುತ್ತದೆ, ಆಗ ಒಂದು ಎಲೆಕ್ಟ್ರಾನ್ ಮತ್ತು ಒಂದು ಆಂಟಿನ್ಯೂಟ್ರಿನೊ ಹುಟ್ಟಿ ಹೊರಬರುತ್ತವೆ. ರಾಶಿ ಸಂಖ್ಯೆ ಹಾಗೇ ಇರುತ್ತದೆ, ಪರಮಾಣು ಸಂಖ್ಯೆ 1 ಏರುತ್ತದೆ. ಬೀಟಾ ಪ್ಲಸ್ ಇದರ ತಿರುಗುಮುರುಗು: ಪಾಸಿಟ್ರಾನ್ ಹೊರಬರುತ್ತದೆ, ಪರಮಾಣು ಸಂಖ್ಯೆ 1 ಇಳಿಯುತ್ತದೆ. ಗಾಮಾದಲ್ಲಿ ಎರಡೂ ಸಂಖ್ಯೆ ಬದಲಾಗುವುದಿಲ್ಲ, ನ್ಯೂಕ್ಲಿಯಸ್ ತನ್ನ ಹೆಚ್ಚುವರಿ ಶಕ್ತಿಯನ್ನು ಬಿಟ್ಟು ತಣ್ಣಗಾಗುತ್ತದೆ ಅಷ್ಟೇ.

ಇಲ್ಲಿ ಒಂದು ಗುಂಡಿ ಇದೆ. ಎಲೆಕ್ಟ್ರಾನ್ ಹೊರಬಂತು ಎಂದ ಕೂಡಲೇ "ಕಕ್ಷೆಯಿಂದ ಒಂದು ಎಲೆಕ್ಟ್ರಾನ್ ಕಳೆದುಹೋಯಿತು, ಅಯಾನು ಆಯಿತು" ಎಂದು ಬರೆಯುವವರಿದ್ದಾರೆ. ಅದಲ್ಲ. ಬೀಟಾ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ಬರುತ್ತದೆ. ಅದು ಮೊದಲಿನಿಂದಲೂ ಅಲ್ಲಿ ಕೂತಿತ್ತು ಎಂದೂ ಅಲ್ಲ, ಬದಲಾವಣೆಯ ಆ ಗಳಿಗೆಯಲ್ಲೇ ಹುಟ್ಟಿದ್ದು.

ಈಗ (ಅ)ದ ಉತ್ತರ ಸುಲಭ. ಅಯೋಡಿನ್‌ನ ಪರಮಾಣು ಸಂಖ್ಯೆ 53. ಒಂದು ಏರಿದರೆ 54, ಅಂದರೆ ಕ್ಸೆನಾನ್.

```
¹³¹₅₃I → ¹³¹₅₄Xe + ⁰₋₁e + ν̄
```

ಬರೆದಾದ ಮೇಲೆ ಬಾಣದ ಎರಡೂ ಕಡೆ ಕೂಡಿಸಿ ನೋಡಿ. ಮೇಲೆ 131 = 131 + 0. ಕೆಳಗೆ 53 = 54 − 1. ಸರಿಹೋಯಿತು. ಆಂಟಿನ್ಯೂಟ್ರಿನೊಗೆ ಎರಡೂ ಸೊನ್ನೆ, ಹಾಗಾಗಿ ಅದನ್ನು ಮರೆತರೂ ಲೆಕ್ಕ ಹೊಂದುತ್ತದೆ. ಅದಕ್ಕೇ ಜನ ಅದನ್ನು ಮರೆಯುತ್ತಾರೆ!

ಇದೇ ಹಂತದಲ್ಲಿ ಇನ್ನೊಂದು ಬಗೆಯ ಪ್ರಶ್ನೆ ಬರುತ್ತದೆ. ಯುರೇನಿಯಂ-238 ಸರಣಿ ಕ್ಷಯಗಳ ಮೂಲಕ ಸೀಸ-206 ಆಗುತ್ತದೆ, ಎಷ್ಟು ಆಲ್ಫಾ, ಎಷ್ಟು ಬೀಟಾ? ಯಾವಾಗಲೂ ಆಲ್ಫಾದಿಂದ ಶುರು ಮಾಡಿ, ಏಕೆಂದರೆ ರಾಶಿ ಸಂಖ್ಯೆಯನ್ನು ಇಳಿಸುವುದು ಅದೊಂದೇ. 238ರಿಂದ 206ಕ್ಕೆ 32 ಇಳಿದಿದೆ, ಅಂದರೆ 8 ಆಲ್ಫಾ. ಈ 8 ಆಲ್ಫಾಗಳು ಪರಮಾಣು ಸಂಖ್ಯೆಯನ್ನು 92ರಿಂದ 16 ಇಳಿಸಿ 76ಕ್ಕೆ ತರಬೇಕಿತ್ತು. ಆದರೆ ಸೀಸದ್ದು 82. ಅಂದರೆ ಮಧ್ಯೆ ಎಲ್ಲೋ 6 ಏರಿದೆ, ಆ ಆರು ಬೀಟಾ ಮೈನಸ್. 92ರಿಂದ 82 ನೇರವಾಗಿ ಕಳೆದು 10 ಬೀಟಾ ಎಂದು ಬರೆಯುವುದು ಇಲ್ಲಿ ತುಂಬಾ ಕಾಣುವ ತಪ್ಪು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕ್ರಮ ಏನೇ ಇದ್ದರೂ ಒಟ್ಟು ಲೆಕ್ಕ ಇದೇ.

ಹಂತ 2: ಹಿನ್ನೆಲೆ ಕಳೆಯಿರಿ, ಬೇರೆ ಏನೂ ಮಾಡುವ ಮೊದಲು

ಮೂಲ ಪಕ್ಕದಲ್ಲಿ ಇಲ್ಲದಿದ್ದರೂ ಕೌಂಟರ್ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ನೆಲದ ಕಲ್ಲಿನಿಂದ, ಗಾಳಿಯಲ್ಲಿರುವ ರೇಡಾನ್‌ನಿಂದ, ಬಾಹ್ಯಾಕಾಶದಿಂದ ಬರುವ ಕಿರಣಗಳಿಂದ ಬರುವ ಎಣಿಕೆ ಅದು. ಇದನ್ನೇ ಹಿನ್ನೆಲೆ ವಿಕಿರಣ ಎನ್ನುವುದು. ನಮ್ಮ ಅಯೋಡಿನ್ ಕ್ಷಯಿಸಿತು ಎಂದು ಅದು ಕಡಿಮೆಯಾಗುವುದಿಲ್ಲ. 8 ದಿನ ಆದರೂ 20, 80 ದಿನ ಆದರೂ ಸುಮಾರು 20.

ಹಾಗಾಗಿ ಅರ್ಧ ಆಗುವುದು 660 ಅಲ್ಲ, 640. ಉತ್ತರ ಪತ್ರಿಕೆಯಲ್ಲಿ ಮೊದಲ ಸಾಲು ಹೀಗೇ ಇರಲಿ:

```
660 − 20 = 640
```

(ಆ) ಈಗ ಒಂದೇ ಉಸಿರಿನ ಕೆಲಸ. 24 ದಿನ ಎಂದರೆ 24/8 = 3 ಅರ್ಧಾಯು. 640 → 320 → 160 → 80. ಮೂಲದಿಂದ ಬರುವುದು 80. ಪ್ರಶ್ನೆ ಕೇಳಿದ್ದು ಕೌಂಟರ್ ಏನು ತೋರಿಸುತ್ತದೆ ಎಂದು, ಆದ್ದರಿಂದ ಕಳೆದ 20 ವಾಪಸ್ ಕೂಡಿಸಿ. ಉತ್ತರ ನಿಮಿಷಕ್ಕೆ 100 ಎಣಿಕೆ. ಶುರುವಿನಲ್ಲಿ ಸರಿಯಾಗಿ ಕಳೆದು, ಕೊನೆಯಲ್ಲಿ ಕೂಡಿಸುವುದನ್ನು ಮರೆತು 80 ಎಂದು ಬರೆದು ಬರುವವರು ಬೇಕಾದಷ್ಟು ಜನ.

ಎರಡನೇ ಭಾಗ "ಎಷ್ಟು ಕ್ಷಯಿಸಿದೆ" ಎಂದು ಕೇಳುತ್ತದೆ. ಉಳಿದಿದ್ದು 1/8, ಆದ್ದರಿಂದ ಹೋಗಿದ್ದು 7/8. ಸೂತ್ರ ಯಾವಾಗಲೂ ಉಳಿದಿದ್ದನ್ನು ಕೊಡುತ್ತದೆ, ಹೋಗಿದ್ದನ್ನು ನಾವೇ ಕಳೆದು ತೆಗೆಯಬೇಕು. ಪ್ರಶ್ನೆ ಓದುವಾಗಲೇ "ಉಳಿದ" ಅಥವಾ "ಕ್ಷಯಿಸಿದ" ಎಂಬ ಪದದ ಕೆಳಗೆ ಗೆರೆ ಎಳೆದುಬಿಡಿ.

ಇದೇ ತಪ್ಪು ಬೇರೆ ವೇಷದಲ್ಲೂ ಬರುತ್ತದೆ. "ಒಂದು ಮಾದರಿಯಲ್ಲಿ ಮಗಳು ಮತ್ತು ತಾಯಿ ನ್ಯೂಕ್ಲಿಯಸ್‌ಗಳ ಅನುಪಾತ 7:1, ಎಷ್ಟು ಅರ್ಧಾಯು ಕಳೆದಿದೆ?" ಎಂದು ಕೇಳುತ್ತಾರೆ. ತಾಯಿ ಎಂದರೆ ಕ್ಷಯಿಸುವ ನ್ಯೂಕ್ಲಿಯಸ್, ಮಗಳು ಎಂದರೆ ಕ್ಷಯಿಸಿದ ಮೇಲೆ ಉಳಿಯುವುದು. ಉಳಿದ ತಾಯಿ 1/7 ಅಲ್ಲ. ಒಟ್ಟು 7 + 1 = 8, ಅದರಲ್ಲಿ ಒಂದು ಪಾಲು ತಾಯಿ, ಅಂದರೆ 1/8. ಮೂರು ಅರ್ಧಾಯು. ಮೊದಲಿಗೆ ಮಗಳು ಒಂದೂ ಇರಲಿಲ್ಲ, ಹುಟ್ಟಿದ್ದು ಯಾವುದೂ ಆಚೆ ಹೋಗಿಲ್ಲ ಎಂದು ಇಟ್ಟುಕೊಂಡರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಒಳ್ಳೆಯ ಪ್ರಶ್ನೆಪತ್ರಿಕೆ ಈ ಮಾತನ್ನು ಹೇಳಿರುತ್ತದೆ, ಹೇಳದಿದ್ದರೆ ನೀವೇ ಒಂದು ಸಾಲು ಬರೆಯಿರಿ.

"24 ದಿನ ಆದ ಮೇಲೆ 80 ಗ್ರಾಂ ಮಾದರಿ 10 ಗ್ರಾಂ ಆಗುತ್ತದೆ" ಎಂಬ ಮಾತನ್ನೂ ಸ್ವಲ್ಪ ನೋಡಿಕೊಂಡು ಬರೆಯಿರಿ. 10 ಗ್ರಾಂ ಆಗಿರುವುದು ಅಯೋಡಿನ್-131 ಮಾತ್ರ. ಉಳಿದ ಸುಮಾರು 70 ಗ್ರಾಂ ಕ್ಸೆನಾನ್ ಆಗಿದೆ, ಮಾಯವಾಗಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟು ತೂಗಿದರೆ ತೂಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಹಂತ 3: ಅರ್ಧಾಯುಗಳ ಸಂಖ್ಯೆ ಪೂರ್ಣಾಂಕ ಆಗದಿದ್ದರೆ

(ಇ)ನಲ್ಲಿ 20 ದಿನ ಕೊಟ್ಟಿದ್ದಾರೆ. 20/8 = 2.5. ಅರ್ಧ ಮಾಡುತ್ತಾ ಹೋಗುವ ಆಟ ಇಲ್ಲಿ ನಿಲ್ಲುತ್ತದೆ. ಎರಡು ಅರ್ಧಾಯು ಆದಾಗ 160, ಮೂರು ಆದಾಗ 80, ಹಾಗಾದರೆ ಎರಡೂವರೆಗೆ ಮಧ್ಯದ 120 ಅಲ್ವಾ ಅನ್ನಿಸುತ್ತದೆ. ಅಲ್ಲ. ಕ್ಷಯದ ರೇಖೆ ನೇರ ಗೆರೆ ಅಲ್ಲ, ಅದು ಮೊದಲು ಜೋರಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮಧ್ಯದ ಹೊತ್ತಿಗೆ ಬೆಲೆ ಮಧ್ಯಕ್ಕಿಂತ ಕೆಳಗೇ ಇರುತ್ತದೆ.

ಇಲ್ಲಿ ಬಳಸಬೇಕಾದ ಸೂತ್ರ ಇದು. n ಎಂದರೆ ಕಳೆದ ಸಮಯವನ್ನು ಅರ್ಧಾಯುವಿನಿಂದ ಭಾಗಿಸಿದ್ದು. n ಪೂರ್ಣಾಂಕ ಆಗಿರಬೇಕು ಎಂಬ ನಿಯಮ ಇಲ್ಲವೇ ಇಲ್ಲ.

```
N = N₀ / 2ⁿ
2^2.5 = 5.657
640 / 5.657 = 113
```

ಹಿನ್ನೆಲೆ ಕೂಡಿಸಿ: 133. ಹಂತ 2ರ ಉತ್ತರಗಳ ಜೊತೆ ಇಟ್ಟು ಪರೀಕ್ಷಿಸಿ. 113 ಎನ್ನುವುದು 160 ಮತ್ತು 80ರ ನಡುವೆ ಇದೆಯಾ? ಇದೆ. ಮಧ್ಯದ 120ಕ್ಕಿಂತ ಕೆಳಗಿದೆಯಾ? ಇದೆ. ಹಾಗಿದ್ದರೆ ಮುಂದೆ ಹೋಗಿ.

ಕೆಲವರು N = N₀e^(−λt) ಸೂತ್ರವನ್ನೇ ಇಷ್ಟಪಡುತ್ತಾರೆ. λ ಎಂದರೆ ಕ್ಷಯ ಸ್ಥಿರಾಂಕ, ಅಂದರೆ ಒಂದು ನ್ಯೂಕ್ಲಿಯಸ್ ಒಂದು ಸೆಕೆಂಡಿನಲ್ಲಿ (ಅಥವಾ ಒಂದು ದಿನದಲ್ಲಿ) ಕ್ಷಯಿಸುವ ಸಂಭವ. ಎರಡೂ ಸೂತ್ರ ಒಂದೇ. ಅರ್ಧಾಯು ಕೊಟ್ಟಿರುವ ಪ್ರಶ್ನೆಗೆ 2ರ ಘಾತವೇ ಸಲೀಸು, λ ಬೇಕಾಗುವುದು ಆಕ್ಟಿವಿಟಿ ಕೇಳಿದಾಗ. ಎರಡನ್ನೂ ಬೆರೆಸಿ ಅರ್ಧಾಯುವನ್ನೇ λ ಜಾಗದಲ್ಲಿ ಹಾಕುವುದು ಮಾತ್ರ ಬೇಡ.

ಹಂತ 4: ಸಮಯ ಕೇಳಿದಾಗ

(ಈ) ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಅತಿ ಕಿಲಾಡಿ ಭಾಗ. ಕೌಂಟರ್ 84 ತೋರಿಸುತ್ತದೆ. ಮೊದಲು ಹಿನ್ನೆಲೆ: 84 − 20 = 64. ಮೂಲದ ಎಣಿಕೆ 640ರಿಂದ 64ಕ್ಕೆ ಬಂದಿದೆ, ಅಂದರೆ ಹತ್ತನೇ ಒಂದು ಭಾಗ ಉಳಿದಿದೆ. 2ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ 10 ಬರುತ್ತದೆ ಎಂದು ಲಾಗ್ ಹೇಳುತ್ತದೆ.

```
2ⁿ = 10
n = log 10 / log 2 = 1 / 0.3010 = 3.32
t = 3.32 × 8 = 26.6 ದಿನ
```

ಈಗ ಹಿನ್ನೆಲೆ ಮರೆತವರಿಗೆ ಏನಾಗುತ್ತದೆ ನೋಡಿ. 660/84 = 7.86, ಇದು 8ಕ್ಕೆ ತೀರಾ ಹತ್ತಿರ. "ಓ, ಮೂರು ಅರ್ಧಾಯು, 24 ದಿನ" ಎಂದು ಖುಷಿಯಾಗಿ ಬರೆದು ಮುಂದೆ ಹೋಗುತ್ತಾರೆ. ಉತ್ತರ ಎಷ್ಟು ಚಂದ ಬಂತು ಎಂದರೆ ಅನುಮಾನವೇ ಬರುವುದಿಲ್ಲ. ಆದರೆ 24ನೇ ದಿನ ಕೌಂಟರ್ 100 ತೋರಿಸುತ್ತದೆ ಎಂದು (ಆ)ದಲ್ಲಿ ನೀವೇ ಬರೆದಿದ್ದೀರಿ! 84 ಎನ್ನುವುದು 100ಕ್ಕಿಂತ ಕಡಿಮೆ, ಆದ್ದರಿಂದ ದಿನ 24 ದಾಟಲೇಬೇಕು. ಒಂದೇ ಮೂಲದ ಮೇಲೆ ಹಲವು ಉಪಪ್ರಶ್ನೆ ಇದ್ದಾಗ ಇಂಥ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಲಾಗ್ ಬಗ್ಗೆ ಒಂದು ಮಾತು. ಮೇಲೆ 10 ಆಧಾರದ ಲಾಗ್ ತೆಗೆದುಕೊಂಡರೆ ಕೆಳಗೂ ಅದೇ ಇರಬೇಕು, ಸ್ವಾಭಾವಿಕ ಲಾಗ್ ತೆಗೆದುಕೊಂಡರೆ ಎರಡೂ ಕಡೆ ಅದೇ. ಮೇಲೆ ಒಂದು, ಕೆಳಗೆ 0.693 ಎಂದು ಕಲಸಿಬಿಟ್ಟರೆ n = 1.44 ಬರುತ್ತದೆ, ಅಂದರೆ 11.5 ದಿನ. ಎರಡು ಅರ್ಧಾಯು ಕೂಡ ಆಗಿಲ್ಲ, ಆದರೂ ಹತ್ತನೇ ಒಂದಕ್ಕೆ ಇಳಿದಿದೆಯಂತೆ. ಸಾಧ್ಯವಾ?

ಕಾರ್ಬನ್-14ರಿಂದ ಕಾಲ ಕಂಡುಹಿಡಿಯುವ ಪ್ರಶ್ನೆಗಳೂ ಇದೇ ಹಂತದವು. ಅರ್ಧಾಯು 5730 ವರ್ಷ. ಹಳೆಯ ಮರದ ತುಂಡಿನ ಎಣಿಕೆ ಅಷ್ಟೇ ಇಂಗಾಲ ಇರುವ ಹೊಸ ಮರದ ಐದನೇ ಒಂದು ಭಾಗ ಇದ್ದರೆ, 2ⁿ = 5, n = 2.32, ಕಾಲ ಸುಮಾರು 13,300 ವರ್ಷ. ಎರಡು ಅರ್ಧಾಯು ಅಂದರೆ 11,460, ಮೂರು ಅಂದರೆ 17,190, ಉತ್ತರ ಈ ಎರಡರ ನಡುವೆ ಬಿದ್ದಿದೆ.

ಹಂತ 5: ಆಕ್ಟಿವಿಟಿ, ಅಂದರೆ ಸೆಕೆಂಡಿಗೆ ಎಷ್ಟು ಕ್ಷಯ

(ಉ)ದಲ್ಲಿ ಭೌತಶಾಸ್ತ್ರಕ್ಕಿಂತ ಏಕಮಾನಗಳ ಕಾಟ ಜಾಸ್ತಿ. ಆಕ್ಟಿವಿಟಿ ಎಂದರೆ ಮಾದರಿಯಲ್ಲಿ ಒಂದು ಸೆಕೆಂಡಿಗೆ ಎಷ್ಟು ನ್ಯೂಕ್ಲಿಯಸ್ ಕ್ಷಯಿಸುತ್ತವೆ ಎನ್ನುವುದು. ಸೆಕೆಂಡಿಗೆ ಒಂದು ಕ್ಷಯ ಆದರೆ ಒಂದು ಬೆಕೆರೆಲ್. 1896ರಲ್ಲಿ ಯುರೇನಿಯಂ ಲವಣಗಳಿಂದ ಹೊಮ್ಮುವ ವಿಕಿರಣವನ್ನು ಕಂಡ ಆನ್ರಿ ಬೆಕೆರೆಲ್ ಹೆಸರು ಅದು. ಸೂತ್ರ A = λN, ಮತ್ತು λ = 0.693 / ಅರ್ಧಾಯು.

ಅರ್ಧಾಯು ದಿನಗಳಲ್ಲಿದೆ, ಬೆಕೆರೆಲ್ ಸೆಕೆಂಡಿನದು. ಹಾಗಾಗಿ ಮೊದಲು ಸೆಕೆಂಡಿಗೆ ತನ್ನಿ.

```
8 ದಿನ = 8 × 86400 = 691200 s
λ = 0.693 / 691200 = 1.0 × 10⁻⁶ s⁻¹
N = (10⁻⁶ / 131) × 6.022 × 10²³ = 4.6 × 10¹⁵
A = λN = 4.6 × 10⁹ Bq
```

ಮಧ್ಯದ ಸಾಲಿನಲ್ಲಿ 10⁻⁶ ಬಂದಿದ್ದು ಮೈಕ್ರೋಗ್ರಾಂ ಅನ್ನು ಗ್ರಾಂ ಮಾಡಿದ್ದರಿಂದ. 131 ಗ್ರಾಂನಲ್ಲಿ ಅವಗಾಡ್ರೊ ಸಂಖ್ಯೆಯಷ್ಟು ಪರಮಾಣು ಇರುತ್ತವೆ, ಆದ್ದರಿಂದ ಗ್ರಾಂನಲ್ಲೇ ಇರಬೇಕು, ಕಿಲೋಗ್ರಾಂ ಹಾಕಿದರೆ ಸಾವಿರ ಪಟ್ಟು ತಪ್ಪುತ್ತದೆ. ಕೆಲವು ಪತ್ರಿಕೆಗಳು ಉತ್ತರವನ್ನು ಕ್ಯೂರಿಯಲ್ಲಿ ಕೇಳುತ್ತವೆ. ಒಂದು ಕ್ಯೂರಿ 3.7 × 10¹⁰ ಬೆಕೆರೆಲ್, ಹಾಗಾಗಿ ನಮ್ಮದು ಸುಮಾರು 0.12 ಕ್ಯೂರಿ.

ಕೌಂಟರ್ ತೋರಿಸುವ ಎಣಿಕೆಯೇ ಆಕ್ಟಿವಿಟಿ ಎಂದುಕೊಳ್ಳಬೇಡಿ. ಮೂಲದಿಂದ ಕಿರಣಗಳು ಎಲ್ಲ ದಿಕ್ಕಿಗೂ ಹೋಗುತ್ತವೆ, ಕೌಂಟರ್‌ನ ಕಿಟಕಿಗೆ ಬೀಳುವುದು ಅದರಲ್ಲಿ ಒಂದಿಷ್ಟು, ಬಿದ್ದದ್ದೂ ಎಲ್ಲವೂ ದಾಖಲಾಗುವುದಿಲ್ಲ. ಕೌಂಟರ್ ಮತ್ತು ಮೂಲವನ್ನು ಅಲುಗಾಡಿಸದೆ ಇಟ್ಟರೆ ಈ ಪಾಲು ಬದಲಾಗುವುದಿಲ್ಲ, ಆದ್ದರಿಂದ ಅನುಪಾತಗಳ ಲೆಕ್ಕಕ್ಕೆ ತೊಂದರೆ ಇಲ್ಲ. (ಆ)ದಿಂದ (ಈ)ವರೆಗೆ ನಾವು ಮಾಡಿದ್ದು ಅದನ್ನೇ.

ಹಂತ 6: ಒಂದು ಅಂಕದ ಕೊಕ್ಕೆಗಳು

ದೊಡ್ಡ ಲೆಕ್ಕ ಸರಿ ಮಾಡಿದವರೂ ಇಲ್ಲಿ ಜಾರುತ್ತಾರೆ. ಮಾದರಿಯನ್ನು ಕಾಯಿಸಿದರೆ ಅಥವಾ ಪುಡಿ ಮಾಡಿದರೆ ಅರ್ಧಾಯು ಬದಲಾಗುತ್ತದಾ ಎಂದು ಕೇಳಿದರೆ ಇಲ್ಲ ಎಂದೇ ಬರೆಯಿರಿ. ಮಾದರಿ ದೊಡ್ಡದಾದರೂ ಅರ್ಧಾಯು ಅದೇ, ಆಕ್ಟಿವಿಟಿ ಮಾತ್ರ ಜಾಸ್ತಿ.

"ನಾಲ್ಕು ನ್ಯೂಕ್ಲಿಯಸ್ ಇವೆ, ಒಂದು ಅರ್ಧಾಯು ಆದ ಮೇಲೆ ಎಷ್ಟು ಉಳಿಯುತ್ತವೆ?" ಇದಕ್ಕೆ ಖಚಿತವಾಗಿ ಎರಡು ಎಂದು ಬರೆಯಬೇಡಿ. ಪ್ರತಿ ನ್ಯೂಕ್ಲಿಯಸ್‌ಗೂ ಉಳಿಯುವ ಸಂಭವ ಅರ್ಧ, ಅಷ್ಟೇ ಹೇಳಬಹುದು. ನಾಲ್ಕೂ ಉಳಿಯಬಹುದು, ಒಂದೂ ಉಳಿಯದೆ ಇರಬಹುದು. ಇದೇ ಕಾರಣಕ್ಕೆ ನಿಜವಾದ ಕೌಂಟರ್ 24ನೇ ದಿನ ಸರಿಯಾಗಿ 100 ತೋರಿಸುವುದಿಲ್ಲ. ಎಣಿಕೆಯ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 100ಕ್ಕೆ ಸುಮಾರು 10. ಒಂದು ನಿಮಿಷ ಎಣಿಸಿದಾಗ 92 ಬಂದರೂ 107 ಬಂದರೂ ಉಪಕರಣ ಕೆಟ್ಟಿದೆ ಎಂದಲ್ಲ. ಪ್ರಯೋಗದ ಪ್ರಶ್ನೆಯಲ್ಲಿ ಈ ಚುಕ್ಕಿಗಳನ್ನು ಗ್ರಾಫ್ ಮೇಲೆ ಕೊಟ್ಟು ಅರ್ಧಾಯು ಕೇಳಿದರೆ, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯಬೇಡಿ, ನಡುವೆ ನಯವಾದ ಒಂದು ರೇಖೆ ಎಳೆದು, 640ರಿಂದ 320, 400ರಿಂದ 200 ಹೀಗೆ ಎರಡು ಮೂರು ಕಡೆ ಓದಿ ಸರಾಸರಿ ತೆಗೆಯಿರಿ. ರೇಖೆ ಸೊನ್ನೆಯ ಕಡೆಗೆ ಹೋಗದೆ 20ರ ಹತ್ತಿರ ಮಟ್ಟಸವಾಗುತ್ತಿದ್ದರೆ ಕೊಟ್ಟಿರುವ ಗ್ರಾಫ್‌ನಲ್ಲಿ ಹಿನ್ನೆಲೆ ಕಳೆದಿಲ್ಲ ಎಂದರ್ಥ, ಕಳೆಯುವ ಕೆಲಸ ನಿಮಗೇ ಬಿಟ್ಟಿದ್ದಾರೆ.

ಕೊನೆಯದಾಗಿ, ಇಷ್ಟೆಲ್ಲ ಲೆಕ್ಕ ಸಲೀಸಾಗಿ ನಡೆದಿದ್ದು ಮಗಳಾದ ಕ್ಸೆನಾನ್-131 ಸ್ಥಿರವಾಗಿರುವುದರಿಂದ. ಮಗಳೂ ವಿಕಿರಣಶೀಲವಾಗಿದ್ದರೆ ಕೌಂಟರ್ ಅದರದ್ದನ್ನೂ ಎಣಿಸುತ್ತದೆ. ಶುದ್ಧ ರೇಡಿಯಂ-226 ಅನ್ನು ಮುಚ್ಚಿಟ್ಟರೆ ಒಳಗೆ ರೇಡಾನ್ ಮತ್ತು ಅದರ ಮುಂದಿನ ಮಕ್ಕಳು ಸೇರಿಕೊಳ್ಳುತ್ತಾ, ಮೊದಲ ಕೆಲವು ವಾರ ಎಣಿಕೆ ಇಳಿಯುವ ಬದಲು ಏರುತ್ತದೆ. ಪ್ರಶ್ನೆಯಲ್ಲಿ ಎಣಿಕೆ ಏರುತ್ತಿರುವ ಪಟ್ಟಿ ಕಂಡರೆ ಅಚ್ಚಿನ ತಪ್ಪು ಎಂದುಕೊಂಡು ತಿರುಗಿಸಿ ಬರೆಯಬೇಡಿ, ಮಗಳ ಅರ್ಧಾಯು ಕೊಟ್ಟಿದ್ದಾರಾ ಎಂದು ಹುಡುಕಿ.